ಒಂದೇ ಶಿಫ್ಟ್, ಮೂರು ಲೆಕ್ಕ: ಪೌಚ್ ಮಷೀನಿನ ಓಇಇ ಹೇಗೆ ತೆಗೆದರೆ ಒಳ್ಳೇದು?

ನಾನು ನೋಡಿಕೊಳ್ಳುವ ಮಷೀನ್ ಫಿಲ್ಮ್ ರೋಲ್‌ನಿಂದ ಪೌಚ್ ಮಾಡಿ, ಮೇಲಿನ ತೂಕದ ಯಂತ್ರ ಬಿಟ್ಟ ಮಾಲು ತುಂಬಿ, ಸೀಲ್ ಮಾಡಿ ಕತ್ತರಿಸುತ್ತದೆ. ಇದರ ಓಇಇಯನ್ನು, ಅಂದರೆ ಓಡಬೇಕಾದ ಹೊತ್ತಿನಲ್ಲಿ ಬರಬೇಕಿದ್ದ ಒಳ್ಳೆ ಮಾಲಿನಲ್ಲಿ ಶೇಕಡ ಎಷ್ಟು ಬಂತು ಅನ್ನುವುದನ್ನು, ಮೂರು ರೀತಿ ಲೆಕ್ಕ ಹಾಕಿ ನೋಡಿದೆ. ಹೋಲಿಕೆ ಸರಿಯಾಗಿ ಇರಲಿ ಅಂತ ಮೂರಕ್ಕೂ ಒಂದೇ ಶಿಫ್ಟ್ ತೆಗೆದುಕೊಂಡೆ.

ಆ ಶಿಫ್ಟ್ 480 ನಿಮಿಷದ್ದು. ಊಟ, ಟೀ ಬಿಡುವು ಮೊದಲೇ ಗೊತ್ತಿದ್ದದ್ದು, 30 ನಿಮಿಷ. ಅದನ್ನು ಕಳೆದರೆ ಓಡಬೇಕಾದ ಸಮಯ 450 ನಿಮಿಷ. ಈ ಅಳತೆಯ ಪೌಚ್‌ಗೆ ಮಷೀನಿನ ಆದರ್ಶ ವೇಗ ನಿಮಿಷಕ್ಕೆ 60. ಆದ ಪೌಚ್ 19,440. ಅದರಲ್ಲಿ ರಿಜೆಕ್ಟ್ 486, ಒಳ್ಳೇದು 18,954.

ಮೊದಲನೆಯದು ಒಂದೇ ಸಾಲಿನ ಲೆಕ್ಕ. 450 ನಿಮಿಷವೂ 60ರ ವೇಗದಲ್ಲಿ ಓಡಿ, ಒಂದೂ ಹಾಳಾಗದಿದ್ದರೆ 27,000 ಪೌಚ್ ಬರಬೇಕಿತ್ತು. ಬಂದ ಒಳ್ಳೆ ಪೌಚ್‌ಗಳನ್ನು ಅದರಿಂದ ಭಾಗಿಸಿದರೆ 70.2 ಶೇಕಡ. ಎರಡು ನಿಮಿಷದ ಕೆಲಸ. ನಿಲುಗಡೆಯನ್ನು ಯಾರೂ ಬರೆದಿಡಬೇಕಿಲ್ಲ, ಹಾಗಾಗಿ ಬರೆಯುವಾಗ ತಪ್ಪಾಗುವ ಮಾತೂ ಇಲ್ಲ. ಆದರೆ ಹೋದ 29.8 ಶೇಕಡ ಎಲ್ಲಿ ಹೋಯಿತು ಅಂತ ಇದು ಹೇಳುವುದಿಲ್ಲ. ಉಳಿದ ಎರಡು ಲೆಕ್ಕ ಸರಿ ಬಂತಾ ಅಂತ ತಾಳೆ ನೋಡುವುದಕ್ಕೆ ಇದನ್ನು ಈಗಲೂ ದಿನಾ ಮಾಡುತ್ತೇನೆ.

ಎರಡನೆಯದು ಆಪರೇಟರ್ ಬರೆಯುವ ಲಾಗ್ ಶೀಟ್. ನಮ್ಮ ನಿಯಮ ಇಷ್ಟೇ: 5 ನಿಮಿಷಕ್ಕಿಂತ ಜಾಸ್ತಿ ನಿಂತರೆ ಕಾರಣ ಸಮೇತ ಬರೆಯಬೇಕು. ಆ ದಿನ ಫಿಲ್ಮ್ ರೋಲ್ ಬದಲಾವಣೆ ಮತ್ತು ಫಿಲ್ಮನ್ನು ಒತ್ತಿ ಸೀಲ್ ಮಾಡುವ ಜಾದ ಹೀಟರ್ ರಿಪೇರಿ ಸೇರಿ 45 ನಿಮಿಷ ಬರೆದಿತ್ತು. ಓಡಿದ ಸಮಯ 405 ನಿಮಿಷ ಅಂತಾಯಿತು.

```
A = 405 / 450            = 90.0%
P = 19440 / (405 x 60)   = 80.0%
Q = 18954 / 19440        = 97.5%
OEE = A x P x Q          = 70.2%
```

A ಅಂದರೆ ಮಷೀನ್ ಎಷ್ಟು ಹೊತ್ತು ಲಭ್ಯ ಇತ್ತು, P ಅಂದರೆ ಆ ಹೊತ್ತಿನಲ್ಲಿ ಎಷ್ಟು ಚುರುಕಾಗಿತ್ತು, Q ಅಂದರೆ ಆದದ್ದರಲ್ಲಿ ಎಷ್ಟು ಚೆನ್ನಾಗಿತ್ತು. ಗುಣಿಸಿದರೆ ಅದೇ 70.2. ಈಗ ಸ್ವಲ್ಪ ಗೊತ್ತಾಗುತ್ತದೆ ಅಲ್ವಾ? ದೊಡ್ಡ ನಷ್ಟ ಇರುವುದು P ಒಳಗೆ.

ನಾನು ಎಡವಿದ್ದು ಇಲ್ಲೇ. ವಾರಗಟ್ಟಲೆ ಇದೇ 80ರ ಆಸುಪಾಸು ನೋಡಿ, ಮಷೀನ್ ನಿಧಾನ ಓಡುತ್ತಿದೆ ಅಂತ ತೀರ್ಮಾನಿಸಿದ್ದೆ. ಪರದೆಯ ಮೇಲೆ ವೇಗ 57ಕ್ಕೆ ಇಟ್ಟಿತ್ತು. ಅದನ್ನು 60 ಮಾಡಿಸಿದೆ. ವೇಗ ಹೆಚ್ಚಿದರೆ ಜಾ ಫಿಲ್ಮನ್ನು ಒತ್ತಿ ಹಿಡಿಯುವ ಸಮಯ ಕಡಿಮೆಯಾಗುತ್ತದೆ, ಸೀಲ್ ಸಡಿಲವಾಗುತ್ತದೆ. ಅದಕ್ಕೆ ಬಿಸಿ ಜಾಸ್ತಿ ಮಾಡಿದೆವು. ಆಗ ಫಿಲ್ಮ್ ಜಾಗೆ ಅಂಟತೊಡಗಿತು. ಆ ಶಿಫ್ಟಿನಲ್ಲಿ 20,000 ಪೌಚ್ ಆಯಿತು, ಆದರೆ 1,200 ಸೋರಿಕೆಯಿಂದ ಹೋಯಿತು. ಒಳ್ಳೇದು 18,800. P ಏರಿತು, Q 94ಕ್ಕೆ ಇಳಿಯಿತು, ಓಇಇ 69.6. ಅಷ್ಟು ಒದ್ದಾಡಿ ಮೊದಲಿಗಿಂತ ಕಡಿಮೆ. ಮರುದಿನವೇ ವೇಗವನ್ನು 57ಕ್ಕೆ ವಾಪಸ್ ಇಳಿಸಿದೆ.

ಮೂರನೆಯ ರೀತಿಗೆ ಬಂದದ್ದು ಇದಾದ ಮೇಲೆ. ಮಷೀನನ್ನು ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಯಿಂದ ಸಮಯವನ್ನು ನೇರ ದಾಖಲಿಸುವುದು. ಮೊದಲು ಮಷೀನ್ ಓಡುತ್ತಿದೆ ಅನ್ನುವ ಸಿಗ್ನಲನ್ನೇ ಹಿಡಿದೆವು, ಅದು ಸರಿ ಹೋಗಲಿಲ್ಲ. ಮಷೀನ್ ಆಟೋದಲ್ಲಿ ಇದ್ದು, ಮಾಲಿಗೆ ಕಾಯುತ್ತಾ ಸುಮ್ನೆ ನಿಂತಿದ್ದರೂ ಆ ಸಿಗ್ನಲ್ ಆನ್ ಆಗಿಯೇ ಇರುತ್ತದೆ. ಆಮೇಲೆ ಜಾ ಒಂದು ಸಲ ಮುಚ್ಚಿದರೆ ಒಂದು ಪಲ್ಸ್ ಬರುವ ಹಾಗೆ ಮಾಡಿಕೊಂಡೆವು. 60ರ ವೇಗದಲ್ಲಿ ಸೆಕೆಂಡಿಗೆ ಒಂದು ಪಲ್ಸ್ ಬರಬೇಕು. 5 ಸೆಕೆಂಡ್ ಪಲ್ಸ್ ಬರದಿದ್ದರೆ ಮಷೀನ್ ನಿಂತಿದೆ ಅಂತ ಲೆಕ್ಕ, ಕೊನೆಯ ಪಲ್ಸ್‌ನಿಂದಲೇ ನಿಲುಗಡೆ ಶುರು.

ಮೇಲೆ ಹೇಳಿದ ಶಿಫ್ಟ್ ಇದನ್ನು ಹಾಕಿದ ನಂತರದ್ದು, ವೇಗ 57. ಆಪರೇಟರ್ ಬರೆದ 45 ನಿಮಿಷ ಪಲ್ಸ್‌ನಲ್ಲೂ ಹಾಗೇ ಸಿಕ್ಕಿತು. ಅದರ ಜೊತೆಗೆ 192 ಸಣ್ಣ ನಿಲುಗಡೆ. ಒಂದೊಂದೂ ಸರಾಸರಿ 20 ಸೆಕೆಂಡ್. ಇಷ್ಟು ಚಿಕ್ಕದನ್ನು ಯಾವ ಆಪರೇಟರ್ ತಾನೇ ಬರೆದಾನು? ಕೂಡಿಸಿದರೆ ಮಾತ್ರ 64 ನಿಮಿಷ, ಬರೆದಿಟ್ಟ ನಿಲುಗಡೆಗಿಂತ ಜಾಸ್ತಿ.

ಈಗ P ಒಳಗಿನ ನಷ್ಟವನ್ನು ಬಿಡಿಸಬಹುದು. 19,440 ಪೌಚ್‌ಗೆ 60ರ ವೇಗದಲ್ಲಿ 324 ನಿಮಿಷ ಸಾಕು. ಲಾಗ್ ಶೀಟ್ ಪ್ರಕಾರ ಓಡಿದ್ದು 405. ವ್ಯತ್ಯಾಸ 81 ನಿಮಿಷ. ಅದರಲ್ಲಿ 64 ಸಣ್ಣ ನಿಲುಗಡೆ, ನಿಜವಾದ ನಿಧಾನ ಬರೀ 17. ನಾನು ವೇಗ ಹೆಚ್ಚಿಸಿ ಹಿಡಿಯಲು ಹೊರಟಿದ್ದು ಆ 17 ನಿಮಿಷವನ್ನು!

ಸಣ್ಣ ನಿಲುಗಡೆಯನ್ನು A ಲೆಕ್ಕಕ್ಕೆ ಹಾಕಬೇಕಾ, P ಲೆಕ್ಕಕ್ಕಾ ಅಂತ ನಮ್ಮಲ್ಲಿ ಸಾಕಷ್ಟು ಚರ್ಚೆ ಆಯಿತು. ಯಂತ್ರ ನಿರ್ವಹಣೆಯ ಟಿಪಿಎಂ ಪದ್ಧತಿ ರೂಪಿಸಿದ ಸೇಯಿಚಿ ನಕಾಜಿಮಾ ಅವರ ಆರು ದೊಡ್ಡ ನಷ್ಟಗಳಲ್ಲಿ ಸಣ್ಣ ನಿಲುಗಡೆಯೂ ಕಡಿಮೆ ವೇಗವೂ P ಕಡೆಗೇ ಬರುತ್ತವೆ. ಎಲ್ಲ ನಿಲುಗಡೆಯನ್ನೂ A ಕಡೆ ಹಾಕಿದರೆ ಓಡಿದ ಸಮಯ 341 ನಿಮಿಷ, A 75.8, P 95.0 ಆಗುತ್ತದೆ. ಓಇಇ ಮಾತ್ರ ಕದಲುವುದಿಲ್ಲ, ಅದೇ 70.2. ನಾನು ನಕಾಜಿಮಾ ಕ್ರಮವನ್ನೇ ಇಟ್ಟುಕೊಂಡೆ. ಆದರೆ ವರದಿಯಲ್ಲಿ P ಕೆಳಗೆ ಎರಡು ಸಾಲು ಬೇರೆ ಬೇರೆ ಬರೆಯುತ್ತೇನೆ. ನಡುವೆ ಗಡಿ ಬದಲಿಸಿದರೆ ಹಳೆಯ ತಿಂಗಳ A, P ಜೊತೆ ಹೋಲಿಸಲು ಆಗುವುದಿಲ್ಲ, ಅದನ್ನಂತೂ ಮಾಡಬೇಡಿ.

ಪೌಚ್ ಎಣಿಕೆಯಲ್ಲೂ ಇಂಥದ್ದೇ ಒಂದು ಜಾಗ ಇದೆ. 486 ರಿಜೆಕ್ಟ್‌ನಲ್ಲಿ 210 ಖಾಲಿ ಪೌಚ್, ರೋಲ್ ಬದಲಿಸಿದಾಗ ಬರುವಂಥವು. ಜಾ ಪಲ್ಸ್ ಅವನ್ನೂ ಎಣಿಸುತ್ತದೆ. ಮುಂದೆ ಪೌಚಿನ ತೂಕ ನೋಡುವ ಚೆಕ್‌ವೇಯರ್ ಎಣಿಸುವುದಿಲ್ಲ, ಯಾಕಂದರೆ ಅವನ್ನು ಆಪರೇಟರ್ ಮೊದಲೇ ಎತ್ತಿಹಾಕಿರುತ್ತಾನೆ. ಒಟ್ಟು ಎಣಿಕೆಯನ್ನು ಚೆಕ್‌ವೇಯರ್‌ನಿಂದ ತೆಗೆದರೆ Q 98.6 ಅಂತ ಚೆಂದ ಕಾಣುತ್ತದೆ. ಆ ನಷ್ಟ ಎಲ್ಲೂ ಹೋಗಿರುವುದಿಲ್ಲ, P ಕಡೆ ಜಾರಿ ನಿಧಾನದ ಹಾಗೆ ಕಾಣುತ್ತದೆ. ಅದಕ್ಕೇ ಒಟ್ಟು ಎಣಿಕೆ ಯಾವಾಗಲೂ ಜಾದಿಂದ.

ಪಲ್ಸ್ ದಾಖಲೆಗೂ ಒಂದು ಮಿತಿ ಇದೆ. ಯಾವಾಗ ನಿಂತಿತು ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಒಂದು ಸಲ ನಿಂತರೆ ನಾಲ್ಕೈದು ಅಲಾರಂ ಒಟ್ಟಿಗೆ ಬರುತ್ತವೆ. ಹಾಗಾಗಿ ಮೊದಲು ಬಂದದ್ದನ್ನು ಮಾತ್ರ ಹಿಡಿದಿಡುವ ಹಾಗೆ ಪಿಎಲ್‌ಸಿಯಲ್ಲಿ ಬರೆಸಿಕೊಂಡೆವು. ದೊಡ್ಡ ನಿಲುಗಡೆಯ ಕಾರಣಕ್ಕೆ ಈಗಲೂ ಆಪರೇಟರ್ ಬರೆದದ್ದೇ ಮೇಲು. ಹೀಟರ್ ಅಲಾರಂ ಬಂತು ಅನ್ನುವುದಕ್ಕೂ ಹೀಟರ್ ವೈರ್ ಸಡಿಲ ಆಗಿತ್ತು ಅನ್ನುವುದಕ್ಕೂ ತುಂಬಾ ವ್ಯತ್ಯಾಸ ಇದೆ. ಲಾಗ್ ಶೀಟ್ ನಿಲ್ಲಿಸೋಣ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ.

ಆ 64 ನಿಮಿಷದಲ್ಲಿ 38 ನಿಮಿಷ ತೂಕದ ಯಂತ್ರಕ್ಕೆ ಕಾದದ್ದು ಅಂತ ಮೊದಲ ಅಲಾರಂನಿಂದ ತಿಳಿಯಿತು. ಅದು ಹಲವು ಬಕೆಟ್‌ಗಳ ತೂಕ ಜೋಡಿಸಿ ಬೇಕಾದ ತೂಕ ಹುಡುಕುತ್ತದೆ. ಮೇಲಿನ ಫೀಡರ್ ಕಂಪನ ಕಡಿಮೆ ಇದ್ದು, ಬಕೆಟ್ ಹೊತ್ತಿಗೆ ಸರಿಯಾಗಿ ತುಂಬುತ್ತಿರಲಿಲ್ಲ. ಕಂಪನ ಸ್ವಲ್ಪ ಹೆಚ್ಚಿಸಿದ ಮೇಲೆ ಕಾಯುವುದು 14 ನಿಮಿಷಕ್ಕೆ ಇಳಿಯಿತು. ಉಳಿದದ್ದೆಲ್ಲ ಹಾಗೇ ಇದ್ದ ಶಿಫ್ಟಿನಲ್ಲಿ ಸುಮಾರು 1,330 ಒಳ್ಳೆ ಪೌಚ್ ಜಾಸ್ತಿ ಬಂತು, ಓಇಇ 75 ದಾಟಿತು. ಲಾಗ್ ಶೀಟಿನ ಲೆಕ್ಕದಲ್ಲಿ P 80ರಿಂದ 85.6ಕ್ಕೆ ಏರಿತ್ತು, ಅಂದರೆ ಮಷೀನ್ ಚುರುಕಾಗಿದೆ ಅಂತ ಅರ್ಥ. ಪರದೆಯ ಮೇಲಿನ ವೇಗ ಮಾತ್ರ ಅದೇ 57.