ಪಿಎಸ್ ಪ್ಲಸ್ ನಿಲ್ಲಿಸಿದೆ: ಯಾವ ಗೇಮ್ ಉಳೀತು, ಯಾವುದಕ್ಕೆ ಬೀಗ ಬಿತ್ತು

ಪಿಎಸ್4 ಕಾಲದಿಂದ, ಪ್ರತಿ ತಿಂಗಳು ಕೆಲವು ಗೇಮ್ ಕೊಡುವ ಪ್ಲೇಸ್ಟೇಷನ್ ಪ್ಲಸ್ ಎಸೆನ್ಷಿಯಲ್ ಸದಸ್ಯತ್ವಕ್ಕೆ ದುಡ್ಡು ಕಟ್ಟುತ್ತಾ ಬಂದವನು, ಅಕ್ಕನ ಮಗನ ಸೆಕೆಂಡ್ ಪಿಯು ಪರೀಕ್ಷೆ ಹತ್ತಿರ ಬಂದಿದ್ದಕ್ಕೆ ಈ ಸಲ ನಿಲ್ಲಿಸಿದೆ. ಇಲ್ಲಿ ದಾವಣಗೆರೆಯಲ್ಲಿ ಕನ್ಸೋಲ್ ಕೊಂಡಾಗ ಅಂಗಡಿಯವರು "ತಿಂಗಳ ಗೇಮ್ ಒಮ್ಮೆ ತಗೊಂಡ್ರೆ ನಿಮ್ದೇ ಸರ್" ಅಂದಿದ್ದರು. ಅದು ಅರ್ಧ ಸತ್ಯ. ಉಳಿದರ್ಧ ಗೊತ್ತಾಗೋದು ನಿಲ್ಲಿಸಿದ ಮೇಲೇ.

ನಿಲ್ಲಿಸೋದು ಅಂದರೆ ಆಟೋ ರಿನ್ಯೂ ಆಫ್ ಮಾಡೋದು, ಅಷ್ಟೇ. ಆಫ್ ಮಾಡಿದ ತಕ್ಷಣ ಏನೂ ಹೋಗುವುದಿಲ್ಲ. ಕಟ್ಟಿದ ಅವಧಿ ಮುಗಿಯುವ ದಿನದವರೆಗೆ ಎಲ್ಲಾ ಮೊದಲಿನಂತೆಯೇ ನಡೆಯುತ್ತೆ. ಹಾಗಾಗಿ ಕೊನೇ ದಿನದವರೆಗೂ ಹೊಸ ಗೇಮ್ ಸೇರಿಸಿಕೊಳ್ಳುತ್ತಲೇ ಇರಿ. ತಿಂಗಳ ಗೇಮ್‌ಗಳು ಸಾಮಾನ್ಯವಾಗಿ ಮೊದಲ ಮಂಗಳವಾರ ಬರುತ್ತವೆ. ಡೌನ್‌ಲೋಡ್ ಮಾಡಲೇಬೇಕು ಅಂತಿಲ್ಲ, ಫೋನ್‌ನ ಪಿಎಸ್ ಆ್ಯಪ್‌ನಲ್ಲಿ ಲೈಬ್ರರಿಗೆ ಸೇರಿಸಿಟ್ಟರೆ ಸಾಕು.

ಅವಧಿ ಮುಗಿದ ಮಾರನೇ ದಿನ ಹುಡುಗ ಕನ್ಸೋಲ್ ಹಚ್ಚಿ, "ಮಾಮ, ಎಲ್ಲಾದಕ್ಕೂ ಬೀಗ ಬಿದ್ದೈತಿ" ಅಂತ ಕೂಗಿದ. ಅವನು ಆಡೋದು ಅವನದೇ ಅಕೌಂಟ್‌ನಲ್ಲಿ. ಆದರೆ ಕನ್ಸೋಲ್ ಶೇರಿಂಗ್‌ನಿಂದ ಅವನಿಗೆ ಸಿಗುತ್ತಿದ್ದದ್ದು ನನ್ನ ಸದಸ್ಯತ್ವದ ಸೌಲಭ್ಯ, ಹಾಗಾಗಿ ನನ್ನದು ಮುಗಿದಾಗ ಅವನದೂ ಮುಗೀತು.

ಎಲ್ಲಾದಕ್ಕೂ ಬೀಗ ಬಿದ್ದಿರಲಿಲ್ಲ. 2022ರ ಜೂನ್‌ನಲ್ಲಿ ಪ್ಲಸ್ ಕೊಟ್ಟ ಗಾಡ್ ಆಫ್ ವಾರ್ ಮುಚ್ಚಿತ್ತು. ಅದರ ಪಕ್ಕದಲ್ಲೇ ಇದ್ದ ಹೊರೈಜನ್ ಝೀರೋ ಡಾನ್ ತೆರೆಯಿತು. ಎರಡಕ್ಕೂ ನಾನು ಒಂದು ರೂಪಾಯಿ ಕೊಟ್ಟಿಲ್ಲ. ಹೊರೈಜನ್ ಸೋನಿಯವರು 2021ರ ಪ್ಲೇ ಅಟ್ ಹೋಮ್ ಕೊಡುಗೆಯಲ್ಲಿ ಸದಸ್ಯರಲ್ಲದವರಿಗೂ ಕೊಟ್ಟಿದ್ದು, ಅದು ಖಾಯಂ. ಗಾಡ್ ಆಫ್ ವಾರ್ ಸದಸ್ಯತ್ವಕ್ಕೆ ಅಂಟಿಕೊಂಡು ಬಂದಿದ್ದು. ಲೈಬ್ರರಿಯಲ್ಲಿ ಅದು ಈಗಲೂ ಕಾಣುತ್ತೆ, ಶುರುವಾಗಲ್ಲ ಅಷ್ಟೇ. ಪ್ಲಸ್ ರಿಯಾಯಿತಿಯಲ್ಲಿ ದುಡ್ಡು ಕೊಟ್ಟು ಕೊಂಡ ಗೇಮ್‌ಗಳಿಗೂ ಏನೂ ಆಗಿಲ್ಲ. ಆನ್‌ಲೈನ್ ಆಡೋಕೆ ಮಾತ್ರ ಅವಕ್ಕೂ ಪ್ಲಸ್ ಬೇಕು. ಫೋರ್ಟ್‌ನೈಟ್‌ನಂಥ ಪುಕ್ಕಟೆ ಗೇಮ್‌ಗಳಿಗೆ ಬೇಡ.

ನನಗೆ ಕಿರಿಕಿರಿ ಅನ್ನಿಸಿದ್ದು ಬಾರ್ಡರ್‌ಲ್ಯಾಂಡ್ಸ್ 3. ಗೇಮ್ 2024ರ ಜುಲೈನಲ್ಲಿ ಪ್ಲಸ್‌ನಲ್ಲಿ ಬಂತು, ಹುಡುಗನ ಕಾಟಕ್ಕೆ ಅದರ ಸೀಸನ್ ಪಾಸ್ ಮಾತ್ರ ದುಡ್ಡು ಕೊಟ್ಟು ತಗೊಂಡೆ. ಈಗ ಪಾಸ್ ನನ್ನದು, ಗೇಮ್ ನನ್ನದಲ್ಲ. ಮೂಲ ಗೇಮ್ ತೆರೆಯದೆ ಪಾಸ್‌ನಿಂದ ಏನೂ ಉಪಯೋಗವಿಲ್ಲ. ಮತ್ತೆ ಸದಸ್ಯನಾಗಬೇಕು, ಇಲ್ಲಾ ಸೇಲ್‌ನಲ್ಲಿ ಮೂಲ ಗೇಮ್ ಕೊಳ್ಳಬೇಕು. ಪುಕ್ಕಟೆ ಬಂದ ಗೇಮ್‌ಗೆ ಹೆಚ್ಚುವರಿ ಭಾಗ ಕೊಳ್ಳುವ ಮುಂಚೆ ಇದನ್ನೊಂದು ಲೆಕ್ಕಕ್ಕೆ ತಗೊಳ್ಳಿ.

ಸೇವ್ ಫೈಲ್ ವಿಷಯಕ್ಕೆ ಬಂದರೆ, ಕನ್ಸೋಲ್ ಒಳಗಿರುವುದಕ್ಕೆ ಏನೂ ಆಗಲ್ಲ. ಜಾಗಕ್ಕಾಗಿ ಗೇಮ್ ಅಳಿಸಿದರೂ ಸೇವ್ ಹಾಗೇ ಇರುತ್ತೆ. ಕ್ಲೌಡ್‌ಗೆ ಏರಿಸಿದ್ದನ್ನು ಸದಸ್ಯತ್ವ ಮುಗಿದ ಮೇಲೆ ಆರು ತಿಂಗಳು ಇಟ್ಟುಕೊಳ್ಳುತ್ತಾರೆ, ಆಮೇಲೆ ಅಳಿಸಬಹುದು. ಪಿಎಸ್4 ಗೇಮ್‌ಗಳ ಸೇವ್ ಪೆನ್‌ಡ್ರೈವ್‌ಗೆ ಹೋಗುತ್ತೆ, ಪಿಎಸ್5 ಗೇಮ್‌ಗಳದ್ದು ಹಾಗೆ ಬಿಡಿಯಾಗಿ ಹೋಗಲ್ಲ. ಹಾಗಾಗಿ ಪ್ಲಸ್ ಇಲ್ಲದ ಹೊತ್ತಲ್ಲಿ ಕನ್ಸೋಲ್ ಮಾರುವವರು, ರಿಪೇರಿಗೆ ಕೊಡುವವರು ಮೊದಲು ಎಕ್ಸ್‌ಟರ್ನಲ್ ಡ್ರೈವ್‌ಗೆ ಇಡೀ ಕನ್ಸೋಲ್‌ನ ಬ್ಯಾಕಪ್ ತೆಗೆದುಕೊಳ್ಳಬೇಕು.

ಪ್ಲಸ್‌ನ ಮೇಲಿನ ಹಂತಗಳಾದ ಎಕ್ಸ್‌ಟ್ರಾ, ಡೀಲಕ್ಸ್ ಕಟ್ಟುವವರ ಲೆಕ್ಕವೇ ಬೇರೆ. ಅಲ್ಲಿನ ಕ್ಯಾಟಲಾಗ್ ಗೇಮ್‌ಗಳು ನೀವು ದುಡ್ಡು ಕಟ್ಟುತ್ತಿರುವಾಗಲೇ ಎದ್ದು ಹೋಗಬಹುದು. 2023ರ ಮೇನಲ್ಲಿ ಸ್ಪೈಡರ್ ಮ್ಯಾನ್ ಹೋಗಿದ್ದು ಹಾಗೇ. ತಿಂಗಳ ಗೇಮ್ ಹಾಗಲ್ಲ, ಒಮ್ಮೆ ಸೇರಿಸಿಕೊಂಡಿದ್ದರೆ ವರ್ಷಗಳ ನಂತರ ಮತ್ತೆ ಸೇರಿದರೂ ಸಿಗುತ್ತೆ. ಹೊಸಬರಿಗೆ ಪ್ಲಸ್‌ನಲ್ಲಿ ಪುಕ್ಕಟೆ ಸಿಗದ ಹಳೇ ಗೇಮ್‌ಗಳೂ ನಮ್ಮ ಲೈಬ್ರರಿಯಲ್ಲಿ ತೆರೆಯುತ್ತವೆ. ಈ ಸೇವೆಯಲ್ಲಿ ನನಗೆ ಮೆಚ್ಚುಗೆಯಾದದ್ದು ಇದೊಂದೇ. ಪಿಸಿಯಲ್ಲಿ ಇನ್ನೂ ಸಲೀಸು: ಅಮೆಜಾನ್ ಪ್ರೈಮ್‌ನಲ್ಲಿ ಕ್ಲೇಮ್ ಮಾಡಿಕೊಂಡ ಗೇಮ್‌ಗಳು ಪ್ರೈಮ್ ಬಿಟ್ಟರೂ ಉಳಿಯುತ್ತವೆ, ಎಪಿಕ್ ಪುಕ್ಕಟೆ ಕೊಡುವುದಕ್ಕಂತೂ ಸದಸ್ಯತ್ವವೇ ಬೇಡ.

ಪರೀಕ್ಷೆ ಮುಗಿದ ಮೇಲೆ ಒಂದು ತಿಂಗಳ ಎಸೆನ್ಷಿಯಲ್ ಹಾಕಿಸಿದೆ. ಕೆಲವು ಗೇಮ್‌ಗಳ ಬೀಗ ಹಾಗೇ ಇತ್ತು. Settings > Users and Accounts > Other > Restore Licenses ಒತ್ತಿದ ಮೇಲೆ ಅವೂ ತೆರೆದವು, ಬಾರ್ಡರ್‌ಲ್ಯಾಂಡ್ಸ್ ಬಿಟ್ಟಲ್ಲಿಂದಲೇ ಶುರುವಾಯಿತು. ದುಡ್ಡು ಕಟ್ಟಿದ ದಿನವೇ ಆಟೋ ರಿನ್ಯೂ ಆಫ್ ಮಾಡಿದ್ದೇನೆ. ಈ ತಿಂಗಳ ಗೇಮ್‌ಗಳೂ ಲೈಬ್ರರಿ ಸೇರಿವೆ, ಇನ್ನು ದಸರಾ ರಜೆಗೆ ನೋಡೋಣ.