ಸೊಂಟದಿಂದ ಕಾಲಿಗಿಳಿಯುವ ನೋವು: ಮೂತ್ರದಲ್ಲಿ ವ್ಯತ್ಯಾಸ ಕಂಡರೆ ಒಂದು ರಾತ್ರಿಯೂ ಕಾಯಬೇಡಿ

ನಮ್ಮಣ್ಣನ ಸಯಾಟಿಕಾ, ಅಂದರೆ ಸೊಂಟದಿಂದ ಕಾಲಿಗಿಳಿಯುವ ನೋವು, ಹೋಗಿದೆ. ಆದರೆ ಅವನಿಗೆ ಈಗ ಮೂತ್ರ ತಾನಾಗಿ ಪೂರ್ತಿ ಹೋಗುವುದಿಲ್ಲ. ದಿನಕ್ಕೆ ಹಲವು ಸಲ ತೆಳ್ಳಗಿನ ಕೊಳವೆ ಹಾಕಿಕೊಂಡು ಖಾಲಿ ಮಾಡಿಕೊಳ್ಳಬೇಕು. ಸೊಂಟ ನೋವಿಗೂ ಮೂತ್ರಕ್ಕೂ ಸಂಬಂಧ ಇರಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. ಸೊಂಟದಿಂದ ಕಾಲಿಗೆ ನೋವು ಸೆಳೆಯುತ್ತಿರುವವರು, ಅಂಥವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಓದಿ ಗಾಬರಿಯಾಗಬೇಡಿ. ಅಣ್ಣನಿಗೆ ಆಗಿದ್ದು ತುಂಬಾ ಅಪರೂಪ. ಈ ನೋವು ಬಂದವರಲ್ಲಿ ಹೆಚ್ಚಿನವರಿಗೆ ಆಪರೇಷನ್ ಬೇಕಾಗುವುದಿಲ್ಲ, ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಅಪರೂಪವಾಗಿ ಆಗುವ ಆ ಒಂದು ತೊಂದರೆಯಲ್ಲಿ ಗಂಟೆಗಳ ಲೆಕ್ಕ ನಡೆಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವನಿಗೆ ಶುರುವಾಗಿದ್ದು ಎಲ್ಲರಿಗೂ ಆಗುವ ಹಾಗೆಯೇ. ಎಡಗಡೆ ಕುಂಡೆಯಿಂದ ತೊಡೆಯ ಹಿಂಭಾಗ, ಅಲ್ಲಿಂದ ಮೀನಖಂಡ, ಪಾದದ ಹೊರ ಅಂಚು, ಕಿರುಬೆರಳಿನ ತನಕ ಕರೆಂಟ್ ಹೊಡೆದ ಹಾಗೆ ನೋವು. ಕೆಮ್ಮಿದರೆ, ಸೀನಿದರೆ ಜಾಸ್ತಿ. ಕೂತರೆ ಜಾಸ್ತಿ, ನಿಧಾನವಾಗಿ ಓಡಾಡಿದರೆ ಸ್ವಲ್ಪ ವಾಸಿ. ಕಿರುಬೆರಳಿನ ಹತ್ತಿರ ಜೋಮು.

ಮೊದಲು ನೋಡಿದ ಡಾಕ್ಟರ್ ಚೆನ್ನಾಗಿಯೇ ಪರೀಕ್ಷೆ ಮಾಡಿದರು. ಅಂಗಾತ ಮಲಗಿಸಿ, ಮಂಡಿ ಮಡಿಸದೆ ಕಾಲು ಮೇಲೆತ್ತಿ ಎಲ್ಲಿ ನೋವು ಹಿಡಿಯುತ್ತದೆ ಅಂತ ನೋಡಿದರು. ಹಿಮ್ಮಡಿಯ ಮೇಲೆ ನಡೆಸಿದರು, ತುದಿಗಾಲಿನ ಮೇಲೆ ನಡೆಸಿದರು. ಮಂಡಿಗೂ ಹಿಮ್ಮಡಿಯ ಹಿಂಭಾಗಕ್ಕೂ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು. ಬೆನ್ನುಮೂಳೆಗಳ ನಡುವೆ ಮೆತ್ತೆಯ ಹಾಗಿರುವ ಡಿಸ್ಕುಗಳಲ್ಲಿ ಸೊಂಟದ ಕೊನೆಯದು ಒಂದು ಪಕ್ಕಕ್ಕೆ ಉಬ್ಬಿ, ಎಸ್1 ಅನ್ನುವ ನರದ ಬೇರನ್ನು ಒತ್ತುತ್ತಿರಬೇಕು ಅಂದರು. ಈಗಲೇ ಸ್ಕ್ಯಾನ್ ಬೇಡ, ಹಾಸಿಗೆ ಹಿಡಿಯಬೇಡಿ, ಆದಷ್ಟು ಓಡಾಡಿ, ಆರೆಂಟು ವಾರ ನೋಡೋಣ ಅಂದರು. ಮಾತ್ರೆ ಬರೆದುಕೊಟ್ಟರು.

ಈ ಸಲಹೆಯಲ್ಲಿ ತಪ್ಪಿರಲಿಲ್ಲ. ಡಿಸ್ಕಿನ ಒಳಗಿರುವ ಮೆತ್ತನೆಯ ಭಾಗ ಹೊರಗೆ ಬಂದಾಗ ಎರಡು ಕೆಲಸ ಆಗುತ್ತದೆ. ಒಂದು, ಅದು ನರವನ್ನು ಒತ್ತುತ್ತದೆ. ಇನ್ನೊಂದು, ನರದ ಸುತ್ತ ಊತ, ಉರಿ ಎಬ್ಬಿಸುತ್ತದೆ. ಆ ಊತ ಕೆಲವು ವಾರಗಳಲ್ಲಿ ಇಳಿಯುತ್ತದೆ. ಹೊರಗೆ ಬಂದ ಚೂರನ್ನು ಮೈಯ ರಕ್ಷಣಾ ಕಣಗಳು ಬೇರೆಯದು ಅಂತ ಗುರುತಿಸಿ ನಿಧಾನವಾಗಿ ಕರಗಿಸುತ್ತವೆ. ಪೂರ್ತಿ ಹೊರಬಂದ ದೊಡ್ಡ ಚೂರು ಎಷ್ಟೋ ಸಲ ಸಣ್ಣ ಉಬ್ಬಿಗಿಂತ ಚೆನ್ನಾಗಿ ಕರಗುತ್ತದೆ. ಹಾಗಾಗಿ ನೋವು ಎಷ್ಟು ಜೋರಾಗಿದೆ ಅನ್ನುವುದರ ಮೇಲೆ ಅಪಾಯ ಎಷ್ಟು ಅಂತ ಅಳೆಯಲು ಆಗುವುದಿಲ್ಲ. ಶುರುವಿನಲ್ಲೇ ಸ್ಕ್ಯಾನ್ ಮಾಡಿಸದೇ ಇರುವುದಕ್ಕೂ ಕಾರಣ ಇದೆ. ನೋವೇ ಇಲ್ಲದ ಎಷ್ಟೋ ಜನರ ಸ್ಕ್ಯಾನಿನಲ್ಲೂ ಡಿಸ್ಕ್ ಉಬ್ಬಿರುತ್ತದೆ. ಅದನ್ನು ನೋಡಿ ಸುಮ್ನೆ ಹೆದರುವುದೇ ಆಗುತ್ತದೆ.

ನಮಗೆ ಸಿಗದೇ ಹೋಗಿದ್ದು ಆ ಸಲಹೆಯ ಇನ್ನೊಂದು ಅರ್ಧ. ಕಾಯುವಾಗ ಏನನ್ನು ಗಮನಿಸಬೇಕು, ಏನು ಕಂಡರೆ ಕಾಯುವುದನ್ನು ನಿಲ್ಲಿಸಬೇಕು ಅಂತ ಯಾರೂ ಹೇಳಲಿಲ್ಲ. ಚೀಟಿಯಲ್ಲೂ ಬರೆದಿರಲಿಲ್ಲ.

ಮೊದಲ ವಾರಗಳು ಚೆನ್ನಾಗಿಯೇ ಹೋದವು. ಪಾದದ ನೋವು ಮೀನಖಂಡಕ್ಕೆ, ಆಮೇಲೆ ತೊಡೆಗೆ ಹಿಂದೆ ಸರಿಯಿತು. ನೋವು ಹೀಗೆ ಕಾಲಿನಿಂದ ಸೊಂಟದ ಕಡೆಗೆ ಮೇಲಕ್ಕೆ ಬರುವುದು ಒಳ್ಳೆಯ ಲಕ್ಷಣ. ಸೊಂಟದಲ್ಲಿ ಆಗ ಸ್ವಲ್ಪ ಜಾಸ್ತಿ ಅನ್ನಿಸಿದರೂ ಪರವಾಗಿಲ್ಲ.

ಒಂದು ದಿನ ಬಗ್ಗಿಕೊಂಡಿದ್ದಾಗ ಜೋರಾಗಿ ಸೀನಿದ. ಸೊಂಟದಲ್ಲಿ ಏನೋ ಜರುಗಿದ ಹಾಗಾಯಿತು ಅಂದ. ಅವತ್ತು ಸಂಜೆಯ ಹೊತ್ತಿಗೆ ಬಲಗಾಲಿಗೂ ನೋವು ಇಳಿಯಿತು. ಮಾರನೇ ದಿನ ಎರಡೂ ಕಾಲಿನ ನೋವು ಕಡಿಮೆಯಾಗಿ, ಮರಗಟ್ಟಿದ ಹಾಗಾಯಿತು. ನೋವು ಇಳಿದಿದೆ ಅಂತ ಮನೆಯಲ್ಲಿ ಎಲ್ಲರಿಗೂ ಸಮಾಧಾನ. ಅದೇ ದಿನ ಅವನು ಬಚ್ಚಲಿನಲ್ಲಿ ಜಾಸ್ತಿ ಹೊತ್ತು ನಿಲ್ಲತೊಡಗಿದ. ಮೂತ್ರ ಶುರುವಾಗುವುದಕ್ಕೇ ತಡ, ಧಾರೆ ಸಣ್ಣ, ಮುಗಿಯಿತೋ ಇಲ್ಲವೋ ಗೊತ್ತಾಗುತ್ತಿಲ್ಲ ಅಂದ. ಮಲಬದ್ಧತೆಯೂ ಇತ್ತು.

ಅತ್ತಿಗೆ ಕ್ಲಿನಿಕ್ಕಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದರು. ಫೋನ್ ತೆಗೆದವರು, ಮಾತ್ರೆಯಲ್ಲಿ ಟ್ರಮಡಾಲ್ ಇದೆ, ಅದರಿಂದ ಮೂತ್ರ ಕಟ್ಟಿದ ಹಾಗೆ ಆಗುತ್ತದೆ, ನೀರು ಜಾಸ್ತಿ ಕುಡಿಸಿ ಅಂದರು. ಟ್ರಮಡಾಲಿನಂಥ ಮಾತ್ರೆಗಳಿಂದ ಹಾಗೆ ಆಗುವುದು ನಿಜ. ಮಲಬದ್ಧತೆಯೂ ಆಗುತ್ತದೆ. ಮೋಸ ಆಗುವುದು ಇಲ್ಲೇ. ಎರಡರ ಲಕ್ಷಣವೂ ಮೇಲ್ನೋಟಕ್ಕೆ ಒಂದೇ. ಮಾತ್ರೆಯಿಂದ ಆದದ್ದೋ ನರದಿಂದ ಆದದ್ದೋ ಅಂತ ಫೋನಿನಲ್ಲಿ ಯಾರೂ ಹೇಳಲು ಸಾಧ್ಯವಿಲ್ಲ. ಸಯಾಟಿಕಾ ಇರುವವರಿಗೆ ಹೊಸದಾಗಿ ಮೂತ್ರದ ತೊಂದರೆ ಬಂದರೆ ಮಾತ್ರೆಯ ಮೇಲೆ ಹಾಕುವ ಮೊದಲು ನರವನ್ನು ನೋಡಲೇಬೇಕು. ಕೂರುವ ಜಾಗದಲ್ಲಿ, ಅಂದರೆ ಮಲದ್ವಾರ, ಜನನಾಂಗದ ಸುತ್ತ, ಸ್ಪರ್ಶ ಗೊತ್ತಾಗುತ್ತಿದೆಯಾ ಅನ್ನುವ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ಅದನ್ನು ಅವರು ಕೇಳಲಿಲ್ಲ.

ಮರುದಿನ ಬೆಳಗ್ಗೆ ತೊಳೆದುಕೊಳ್ಳುವಾಗ ತನ್ನ ಕೈ ತಾಗುತ್ತಿರುವುದೇ ಗೊತ್ತಾಗುತ್ತಿಲ್ಲ ಅಂತ ಅಣ್ಣ ಹೇಳಿದ. ಸಂಜೆಗೆ ಬಟ್ಟೆಯಲ್ಲೇ ಮೂತ್ರ ತೊಟ್ಟಿಕ್ಕತೊಡಗಿತು. ಎಮರ್ಜೆನ್ಸಿಗೆ ಕರೆದುಕೊಂಡು ಹೋದೆವು. ಅಲ್ಲಿ ಹೊಟ್ಟೆಯ ಮೇಲೆ ಸ್ಕ್ಯಾನರ್ ಇಟ್ಟು ನೋಡಿದಾಗ ಮೂತ್ರಕೋಶದಲ್ಲಿ 800 ಮಿಲಿಲೀಟರಿಗಿಂತ ಜಾಸ್ತಿ ತುಂಬಿತ್ತು. ಅಷ್ಟು ತುಂಬಿದರೆ ಸಾಮಾನ್ಯವಾಗಿ ತಡೆಯಲಾಗದ ನೋವು ಬರುತ್ತದೆ. ಅವನಿಗೆ ಏನೂ ಅನ್ನಿಸುತ್ತಿರಲಿಲ್ಲ. ತೊಟ್ಟಿಕ್ಕುತ್ತಿದ್ದದ್ದು ತುಂಬಿ ಹೊರಚೆಲ್ಲಿದ ಮೂತ್ರ.

ಇದಕ್ಕೆ ಕಾಡಾ ಇಕ್ವೈನಾ ಸಿಂಡ್ರೋಮ್ ಅನ್ನುತ್ತಾರೆ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಅದರ ಕೆಳಗೆ ನರದ ಬೇರುಗಳು ಒಂದು ಗೊಂಚಲಾಗಿ ಇಳಿಯುತ್ತವೆ. ಆ ಗೊಂಚಲಿನಲ್ಲಿ ಎರಡೂ ಕಾಲಿನ ನರಗಳ ಜೊತೆಗೆ ಮೂತ್ರ, ಮಲ, ಲೈಂಗಿಕ ಕ್ರಿಯೆ ಮತ್ತು ಕೂರುವ ಜಾಗದ ಸ್ಪರ್ಶದ ನರಗಳೂ ಇವೆ. ಡಿಸ್ಕ್ ಪಕ್ಕಕ್ಕೆ ಉಬ್ಬಿದರೆ ಒಂದು ಬೇರು ಸಿಕ್ಕಿಕೊಳ್ಳುತ್ತದೆ, ಒಂದು ಕಾಲು ನೋಯುತ್ತದೆ. ದೊಡ್ಡ ಚೂರು ನಡುವಿಗೇ ನುಗ್ಗಿದರೆ ಇಡೀ ಗೊಂಚಲು ಜಜ್ಜಿಹೋಗುತ್ತದೆ. ಅಣ್ಣನ ಎಂಆರ್‌ಐನಲ್ಲಿ ಕಂಡಿದ್ದು ಅದೇ. ಆ ರಾತ್ರಿಯೇ ಆಪರೇಷನ್ ಮಾಡಿ ಒತ್ತಡ ತೆಗೆದರು. ಕಾಲಿನ ಬಲ ಬಹುಪಾಲು ವಾಪಸ್ ಬಂತು. ಮೂತ್ರಕೋಶ ಅರ್ಧಂಬರ್ಧ. ಕೂರುವ ಜಾಗ ಇನ್ನೂ ಮರಗಟ್ಟಿದೆ.

ಸರ್ಜನ್ ಹೇಳಿದ ಒಂದು ವಿಷಯ ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಮೂತ್ರ ಶುರುವಾಗಲು ತಡ, ಧಾರೆ ಸಣ್ಣ, ತುಂಬಿದ್ದು ಸರಿಯಾಗಿ ಗೊತ್ತಾಗುತ್ತಿಲ್ಲ ಅನ್ನುವ ಹಂತದಲ್ಲೇ ಆಪರೇಷನ್ ಆದರೆ ಮೂತ್ರಕೋಶ ಉಳಿಯುವ ಸಾಧ್ಯತೆ ಹೆಚ್ಚು. ಪೂರ್ತಿ ಕಟ್ಟಿ, ಅರಿವಿಲ್ಲದೆ ಸೋರುವ ಹಂತಕ್ಕೆ ಹೋದ ಮೇಲೆ ಆ ಸಾಧ್ಯತೆ ಕುಸಿಯುತ್ತದೆ. 48 ಗಂಟೆಯೊಳಗೆ ಆಪರೇಷನ್ ಆಗಬೇಕು ಅನ್ನುವ ಮಾತು ಕೆಲವು ಕಡೆ ಓದಿರಬಹುದು. ಅದನ್ನು ಕೈಯಲ್ಲಿರುವ ಸಮಯ ಅಂತ ತಿಳಿಯಬೇಡಿ. ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು. ಸೋರುವ ತನಕ ಕಾಯುವುದು ಅಂದರೆ ತಡವಾದ ಲಕ್ಷಣಕ್ಕೆ ಕಾಯುವುದು.

ಹಾಗಾಗಿ ಸಯಾಟಿಕಾ ಇರುವವರು ನೋವಿಗಿಂತ ಜಾಸ್ತಿ ಗಮನ ಕೊಡಬೇಕಾದ್ದು ಸ್ಪರ್ಶಕ್ಕೆ, ಬಲಕ್ಕೆ, ಮೂತ್ರಕ್ಕೆ. ತೊಳೆದುಕೊಳ್ಳುವಾಗ, ಒರೆಸಿಕೊಳ್ಳುವಾಗ ಮಲದ್ವಾರದ ಸುತ್ತ, ಜನನಾಂಗದ ಹತ್ತಿರ, ತೊಡೆಗಳ ಒಳಭಾಗದಲ್ಲಿ ಎರಡೂ ಕಡೆ ಒಂದೇ ಥರ ಗೊತ್ತಾಗುತ್ತಿದೆಯಾ ನೋಡಿ. ಮೂತ್ರ ತುಂಬಿದ್ದು, ಹೋಗುತ್ತಿರುವುದು, ಮುಗಿದದ್ದು ಮೊದಲಿನ ಹಾಗೆಯೇ ಗೊತ್ತಾಗಬೇಕು. ನೋವು ಒಂದು ಕಾಲಿನಿಂದ ಎರಡೂ ಕಾಲಿಗೆ ಬಂದರೆ, ಮಲ ತಡೆಯಲು ಆಗದಿದ್ದರೆ, ಲೈಂಗಿಕ ಸ್ಪರ್ಶ ಹೊಸದಾಗಿ ಕಡಿಮೆಯಾದರೆ ಅದೂ ಇದೇ ಪಟ್ಟಿಗೆ ಸೇರುತ್ತದೆ. ಇದರಲ್ಲಿ ಒಂದೇ ಒಂದು ಹೊಸದಾಗಿ ಕಂಡರೂ ಅವತ್ತೇ, ರಾತ್ರಿಯಾದರೂ, ಎಮರ್ಜೆನ್ಸಿಗೆ ಹೋಗಬೇಕು. ಇಂಥ ವಿಷಯ ಹೇಳಲು ಎಲ್ಲರಿಗೂ ಸಂಕೋಚ. ಮನೆಯವರೇ ನೇರವಾಗಿ ಕೇಳಿ.

ಕಾಲಿನ ಬಲ ನೋಡುವುದು ಸುಲಭ. ಗೋಡೆ ಹಿಡಿದು, ನೋವಿರುವ ಒಂದೇ ಕಾಲಿನ ಮೇಲೆ ನಿಂತು ಹಿಮ್ಮಡಿ ಎತ್ತಿ. ಆಮೇಲೆ ಹಿಮ್ಮಡಿಯ ಮೇಲೆ ಕೆಲವು ಹೆಜ್ಜೆ ನಡೆಯಿರಿ. ಇನ್ನೊಂದು ಕಾಲಿನ ಹಾಗೆ ಆಗದೆ ಸೋತರೆ, ನಡೆಯುವಾಗ ಪಾದದ ಮುಂಭಾಗ ಕೆಳಗೆ ಬಿದ್ದು ಎಡವುತ್ತಿದ್ದರೆ, ವಾರಗಟ್ಟಲೆ ಕಾಯುವ ವಿಷಯವಲ್ಲ. ಒಂದೆರಡು ದಿನದೊಳಗೆ ಡಾಕ್ಟರಿಗೆ ತೋರಿಸಿ. ನೋಡನೋಡುತ್ತಲೇ ಬಲ ಕುಗ್ಗುತ್ತಿದ್ದರೆ ಅವತ್ತೇ. ಇಲ್ಲೂ ನೋವು ಇಳಿದಿದ್ದಕ್ಕೆ ಮರುಳಾಗಬೇಡಿ. ನೋವು ಇಳಿದು ಬಲವೂ ಸ್ಪರ್ಶವೂ ಉಳಿದಿದ್ದರೆ ಅದು ವಾಸಿಯಾಗುತ್ತಿರುವುದು. ನೋವು ಇಳಿದು ಜೋಮು ಹರಡುತ್ತಿದ್ದರೆ, ಕಾಲು ಸೋಲುತ್ತಿದ್ದರೆ, ನರ ಕೆಲಸ ನಿಲ್ಲಿಸುತ್ತಿರಬಹುದು.

ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಹಿಂದೆ ಕ್ಯಾನ್ಸರ್ ಆಗಿರುವುದು, ಬಿದ್ದು ಪೆಟ್ಟಾಗಿರುವುದು, ಇವು ಇದ್ದರೂ ಸುಮ್ಮನೆ ಕಾಯಬಾರದು. ಆಗ ಕಾರಣ ಡಿಸ್ಕ್ ಆಗಿರದೇ ಇರಬಹುದು. ಇವು ಯಾವುವೂ ಇಲ್ಲದೆ ಬರೀ ನೋವೇ ಆರೆಂಟು ವಾರವಾದರೂ ಬಿಡದಿದ್ದರೆ ಆಗ ಸ್ಕ್ಯಾನ್, ಇಂಜೆಕ್ಷನ್, ಆಪರೇಷನ್ ಬಗ್ಗೆ ನಿಧಾನವಾಗಿ ಕೂತು ಮಾತಾಡಬಹುದು.

ಎಮರ್ಜೆನ್ಸಿಗೆ ಹೋದಾಗ ಬರೀ ಸೊಂಟ ನೋವು ಅನ್ನಬೇಡಿ, ಸಾಲಿನಲ್ಲಿ ಕೂರಿಸುತ್ತಾರೆ. ಸಯಾಟಿಕಾ ಇದೆ, ಇವತ್ತಿನಿಂದ ಕೂರುವ ಜಾಗ ಮರಗಟ್ಟಿದೆ, ಮೂತ್ರ ಸರಿಯಾಗಿ ಹೋಗುತ್ತಿಲ್ಲ, ಕಾಡಾ ಇಕ್ವೈನಾ ಇರಬಹುದಾ ನೋಡಿ ಅಂತ ಮೊದಲ ಮಾತಿನಲ್ಲೇ ಹೇಳಿ. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನ್ ಮಾಡಲು ಕೇಳಿ. 200 ಮಿಲಿಲೀಟರಿಗಿಂತ ಜಾಸ್ತಿ ಉಳಿದಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಕಡಿಮೆ ಇದ್ದ ಮಾತ್ರಕ್ಕೆ ಏನೂ ಇಲ್ಲ ಅಂತಲ್ಲ, ಶುರುವಿನಲ್ಲಿ ಹಾಗೆ ಇರಬಹುದು. ಇದನ್ನು ತೀರ್ಮಾನಿಸುವುದು ಎಂಆರ್‌ಐ ಮಾತ್ರ. ಆ ಆಸ್ಪತ್ರೆಯಲ್ಲಿ ಎಂಆರ್‌ಐ ಇಲ್ಲದಿದ್ದರೆ, ಅದೂ ಬೆನ್ನುಮೂಳೆಯ ಸರ್ಜನ್ನೂ ಇರುವ ಕಡೆಗೆ ಆಗಲೇ ಕಳಿಸಲು ಹೇಳಿ. ನಾಳೆ ಬೆಳಗ್ಗೆ ಓಪಿಡಿಗೆ ಬನ್ನಿ ಅಂದರೆ ಒಪ್ಪಬೇಡಿ.