ಶೇಕಡಾವಾರು 99ಕ್ಕೆ ನಿಂತಾಗ: ಮೂರು ದಾರಿಗಳ ಹೋಲಿಕೆ

70 ದೂರುಗಳನ್ನು ನಾಲ್ಕು ಬಗೆಗಳಾಗಿ ವಿಂಗಡಿಸಿದ ವರದಿಯೊಂದನ್ನು ತೆಗೆದುಕೊಳ್ಳಿ: 31, 22, 10, 7. ನಿಜವಾದ ಶೇಕಡಾವಾರು 44.29, 31.43, 14.29, 10.00. ದಶಮಾಂಶ ಬಿಟ್ಟು ಮುದ್ರಿಸಿದರೆ 44, 31, 14, 10, ಕೂಡಿದರೆ 99.

ಅನೇಕರು ಉಳಿದ ಒಂದನ್ನು ಕೊನೆಯ ಸಾಲಿಗೆ ಸೇರಿಸಿಬಿಡುತ್ತಾರೆ. ಸೂತ್ರ ಸುಲಭ, ಫಲ ಕೆಟ್ಟದ್ದು: ಇಲ್ಲಿ ಕರಾರುವಾಕ್ಕಾಗಿ 10 ಇದ್ದ ಏಕೈಕ ಸಾಲೇ 11 ಆಗುತ್ತದೆ. ಇದನ್ನು ನಾನಂತೂ ಒಪ್ಪುವುದಿಲ್ಲ.

ಗರಿಷ್ಠ ಶೇಷದ ವಿಧಾನ ಇದಕ್ಕಿಂತ ನ್ಯಾಯವಾದದ್ದು. ಎಲ್ಲ ಸಾಲುಗಳ ದಶಮಾಂಶವನ್ನು ಕತ್ತರಿಸಿ, 100ಕ್ಕೆ ಎಷ್ಟು ಕಡಿಮೆಯೋ ಅಷ್ಟು ಅಂಕಗಳನ್ನು, ದೊಡ್ಡ ಶೇಷವಿರುವ ಸಾಲುಗಳಿಗೆ ಒಂದೊಂದರಂತೆ ಹಂಚಬೇಕು. ಇಲ್ಲಿ 0.43 ದೊಡ್ಡದು, ಆದ್ದರಿಂದ ಶೇಕಡಾ 31 ಇದ್ದದ್ದು 32 ಆಗುತ್ತದೆ. (ಅಮೆರಿಕದ ಸಂಸತ್ತಿನ ಸ್ಥಾನ ಹಂಚಲು 1792ರಲ್ಲಿ ಅಲ್ಲಿನ ಖಜಾನೆ ಕಾರ್ಯದರ್ಶಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಸೂಚಿಸಿದ್ದೂ ಇದನ್ನೇ.) ಶೇಷಗಳು ಸಮವಾದರೆ ಯಾರಿಗೆ ಮೊದಲು ಎಂಬ ನಿಯಮವನ್ನು ಮೊದಲೇ ಬರೆದಿಡಿ, ಇಲ್ಲದಿದ್ದರೆ ಸಾಲುಗಳ ಕ್ರಮ ಬದಲಾದಾಗ ಅದೇ ದತ್ತಾಂಶಕ್ಕೆ ಬೇರೆ ಅಂಕಿ ಬರುತ್ತದೆ. ಆದರೂ 22 ಭಾಗಿಸು 70 ಎಂದು ಒತ್ತಿ ನೋಡುವ ಓದುಗನಿಗೆ 32 ತಪ್ಪಾಗಿಯೇ ಕಾಣುತ್ತದೆ.

ಲೆಕ್ಕಪರಿಶೋಧಕರು ಓದುವ ವರದಿಯಾದರೆ ಅಂಕಿಗಳನ್ನು ಮುಟ್ಟದೆ, ಮೊತ್ತದ ಸಾಲನ್ನು ಮೂಲ ಎಣಿಕೆಯಿಂದಲೇ 100 ಎಂದು ತೋರಿಸಿ, ದಶಮಾಂಶ ಬಿಟ್ಟಿದ್ದರಿಂದ ಸಾಲುಗಳನ್ನು ಕೂಡಿದರೆ 100 ಬರುವುದಿಲ್ಲ ಎಂದು ಕೆಳಗೆ ಅಡಿಟಿಪ್ಪಣಿ ಹಾಕಿ. ಗರಿಷ್ಠ ಶೇಷದ ವಿಧಾನವನ್ನು ಒಂದೇ ಪುಟದ ಸಾರಾಂಶಕ್ಕೆ ಇಟ್ಟುಕೊಳ್ಳಿ.